ಎಳೆದ ಮೇಲೆ ಕೈ ಆಡಿಸದ ಮಗು: ಮೊಣಕೈ ಸರಿಪಡಿಸುವುದು ಹೇಗೆ?

ಎರಡು ವರ್ಷದ ಹುಡುಗಿ ಅಮ್ಮನ ತೊಡೆಯ ಮೇಲೆ ಕುಳಿತಿದ್ದಾಳೆ. ಬಿಸ್ಕತ್ತು ತೋರಿಸಿದರೆ ಬಲಗೈ ಚಾಚುತ್ತಾಳೆ. ಎಡಗೈ ಮಾತ್ರ ತುಸು ಮಡಚಿಕೊಂಡು, ಅಂಗೈ ಒಳಮುಖವಾಗಿ, ಮೈಗೆ ಅಂಟಿಕೊಂಡಿದೆ. ಬಸ್ಸು ಹತ್ತುವಾಗ ಎಡವಿದ ಮಗುವನ್ನು ಅಮ್ಮ ಮಣಿಕಟ್ಟು ಹಿಡಿದು ಮೇಲಕ್ಕೆಳೆದಿದ್ದರು. ಆಗಿನಿಂದ ಹೀಗೆ.

ಮುಂದೋಳಿನ ಎರಡು ಮೂಳೆಗಳಲ್ಲಿ ಹೆಬ್ಬೆರಳಿನ ಕಡೆಯದು ರೇಡಿಯಸ್. ಮೊಣಕೈ ಬಳಿ ಅದರ ತಲೆಯನ್ನು ಬಳೆಯಂಥ ಪಟ್ಟಿಯೊಂದು ಸುತ್ತಿ ಹಿಡಿದಿರುತ್ತದೆ. ಎಳೆ ಮಕ್ಕಳಲ್ಲಿ ಈ ಪಟ್ಟಿ ತೆಳು, ಅದರ ಹಿಡಿತವೂ ಸಡಿಲ. ನೇರ ಚಾಚಿದ ಕೈಯನ್ನು ಜಗ್ಗಿದಾಗ ಪಟ್ಟಿ ಮೂಳೆಯ ತಲೆಯ ಮೇಲೆ ಜಾರಿ ಕೀಲಿನೊಳಗೆ ಸಿಕ್ಕಿಕೊಳ್ಳುತ್ತದೆ. ಐದು ವರ್ಷ ದಾಟಿದ ಮೇಲೆ ಪಟ್ಟಿ ಬಲಿಯುವುದರಿಂದ ಈ ತೊಂದರೆ ಅಪರೂಪ.

ಕೈ ಮುಟ್ಟುವ ಮೊದಲು ನಾನು ಕೇಳುವ ಪ್ರಶ್ನೆ ಒಂದೇ: ಎಳೆದದ್ದೋ, ಬಿದ್ದದ್ದೋ? ಬಿದ್ದಿದ್ದರೆ, ಊತವಿದ್ದರೆ, ಆಕಾರ ಕೆಟ್ಟಿದ್ದರೆ ಅಥವಾ ಮೂಳೆ ಒತ್ತಿದಾಗ ಮಗು ಚೀರಿದರೆ ಕೈ ತಿರುಗಿಸಬಾರದು, ಎಣ್ಣೆ ಹಚ್ಚಿ ನೀವಲೂ ಬಾರದು. ಮೊಣಕೈ ಮೇಲ್ಭಾಗದ ಮೂಳೆ ಮುರಿದಿರಬಹುದು. ಅಲ್ಲಿ ಎಕ್ಸ್-ರೇ ಬೇಕೇ ಬೇಕು.

ಎಳೆದದ್ದು ಖಚಿತವಾದರೆ ವೈದ್ಯರು ಹೀಗೆ ಮಾಡುತ್ತಾರೆ. ಒಂದು ಕೈಯಿಂದ ಮಗುವಿನ ಮೊಣಕೈ ಹಿಡಿದು, ರೇಡಿಯಸ್‌ನ ತಲೆಯ ಮೇಲೆ ಹೆಬ್ಬೆರಳಿಡುತ್ತಾರೆ. ಮೊಣಕೈ ಲಂಬಕೋನದಲ್ಲಿ ಮಡಚಿರಲಿ. ಇನ್ನೊಂದು ಕೈಯಿಂದ ಮಣಿಕಟ್ಟು ಹಿಡಿದು ಅಂಗೈಯನ್ನು ನೆಲದತ್ತ ತಿರುಗಿಸಿ, ಅಲ್ಲಿಗೇ ನಿಲ್ಲಿಸದೆ, ಮಗುವಿನ ಹೆಬ್ಬೆರಳು ಕೆಳಮುಖವಾಗುವಂತೆ ಇನ್ನಷ್ಟು ತಿರುಗಿಸುತ್ತಾರೆ. ಬೆರಳಡಿಯಲ್ಲಿ ‘ಟಕ್’ ಎಂದು ಸಣ್ಣದೊಂದು ಅದುರು ತಿಳಿಯುತ್ತದೆ. ಹಳೆಯ ವಿಧಾನ ಇದಕ್ಕೆ ವಿರುದ್ಧ: ಅಂಗೈಯನ್ನು ಮೇಲ್ಮುಖ ಮಾಡಿ ಮೊಣಕೈಯನ್ನು ಪೂರ್ತಿ ಮಡಚುವುದು. ಎರಡೂ ಫಲಿಸುತ್ತವೆ, ಆದರೆ ಮೊದಲ ಯತ್ನದಲ್ಲೇ ಕೀಲು ಕೂರುವುದು ಹೆಚ್ಚಾಗಿ ಅಂಗೈಯನ್ನು ನೆಲದತ್ತ ತಿರುಗಿಸುವ ವಿಧಾನದಲ್ಲಿ. ಹಾಗಾಗಿ ನಾನು ಅದರಿಂದಲೇ ಆರಂಭಿಸುತ್ತೇನೆ.

ಮಗು ಒಂದು ಕ್ಷಣ ಜೋರಾಗಿ ಅಳುತ್ತದೆ. ಆಮೇಲೆ ಅದನ್ನು ಅಮ್ಮನ ಬಳಿ ಬಿಟ್ಟು 10–15 ನಿಮಿಷ ಕಾಯಬೇಕು. ಆ ಹುಡುಗಿಗೆ ಎಡಬದಿಯಿಂದ ಬಿಸ್ಕತ್ತು ಹಿಡಿದಾಗ, ಮೊದಲು ಬಲಗೈಯೇ ಬಂತು. ಐದು ನಿಮಿಷದ ನಂತರ ಎಡಗೈ ತಾನಾಗಿ ತಲೆಯ ಮೇಲಕ್ಕೆದ್ದಿತು. ಅವಳಿಗೆ ಬ್ಯಾಂಡೇಜೂ ಬೇಕಾಗಲಿಲ್ಲ, ಔಷಧಿಯೂ ಬೇಕಾಗಲಿಲ್ಲ.

“ಎಕ್ಸ್-ರೇ ಬೇಡವೇ ಡಾಕ್ಟ್ರೇ?” ಎಂದು ತಂದೆ ಕೇಳಿದರು. ಜಾರಿದ ಪಟ್ಟಿ ಎಕ್ಸ್-ರೇಯಲ್ಲಿ ಕಾಣದು, ಮೂಳೆಗಳು ಸಾಮಾನ್ಯವಾಗಿ ಸರಿಯಾಗಿಯೇ ಕಾಣುತ್ತವೆ. ಚಿತ್ರಕ್ಕಾಗಿ ಅಂಗೈಯನ್ನು ಮೇಲ್ಮುಖ ಮಾಡಿಸುವಾಗಲೇ ಕೀಲು ಕೂತು, ಮಗು ಕೈಯಾಡಿಸುತ್ತಾ ಹೊರಬರುವುದೂ ಉಂಟು. ಎರಡು ಮೂರು ಯತ್ನದ ಮೇಲೂ ಕೈ ಏಳದಿದ್ದರೆ ಮಾತ್ರ ನಾನು ನಿಲ್ಲಿಸಿ ಎಕ್ಸ್-ರೇಗೆ ಬರೆಯುತ್ತೇನೆ.

ಒಮ್ಮೆ ಜಾರಿದ್ದು ಮತ್ತೆ ಜಾರಬಹುದು. ಮಗುವನ್ನು ಎತ್ತುವಾಗ ಕಂಕುಳಲ್ಲಿ ಕೈ ಕೊಟ್ಟು ಎತ್ತಿ. ಎರಡೂ ಕೈ ಹಿಡಿದು ತೂಗಾಡಿಸುವ ಆಟ ಐದು ವರ್ಷದವರೆಗೆ ಬೇಡ.