ಗೆರೆಗೆ ಮುಂಚಿನ ಅಕ್ಷರ ನೋಡಿ ವಿಮಾನ ಯಾವ ದೇಶದ್ದು ಎಂದು ತಿಳಿಯುವುದು ಹೇಗೆ?

ಬೆಂಗಳೂರಿನಿಂದ ಕೊಲ್ಲಿ ದೇಶಗಳ ಕಡೆ ಹೊರಟ ವಿಮಾನಗಳು ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಮೇಲೆ ಹಾದು ಸಮುದ್ರದತ್ತ ಹೋಗುತ್ತವೆ. ಅಂಗಳದಲ್ಲಿ ನಿಂತು ನೋಡುವ ಮಕ್ಕಳು ಕೇಳುವ ಮೊದಲ ಪ್ರಶ್ನೆ, ‘ಇದು ಯಾವ ದೇಶದ್ದು?’ ಉತ್ತರ ವಿಮಾನದ ಮೈಮೇಲೆಯೇ ಬರೆದಿರುತ್ತದೆ. ಕೆಎ-13 ಕಂಡರೆ ಹಾಸನದ ಗಾಡಿ, ಕೆಎ-18 ಕಂಡರೆ ಚಿಕ್ಕಮಗಳೂರಿನದು ಎಂದು ನಾವು ಹೇಳುವುದಿಲ್ಲವೇ? ವಿಮಾನಕ್ಕೂ ಅಂಥದ್ದೇ ನೋಂದಣಿ ಸಂಖ್ಯೆ ಇದೆ. ಅದರಲ್ಲಿ ಅಡ್ಡಗೆರೆಗೆ ಮುಂಚೆ ಇರುವ ಅಕ್ಷರಗಳು ದೇಶದ ಗುರುತು.

ಮೊದಲು ಸರಿಯಾದ ಸಂಖ್ಯೆ ಹುಡುಕಿ

ಈ ಸಂಖ್ಯೆಯನ್ನು ಸಾಮಾನ್ಯವಾಗಿ ಬಾಲದ ಹತ್ತಿರ ಎರಡೂ ಪಕ್ಕದಲ್ಲಿ ಬರೆದಿರುತ್ತಾರೆ. ಎಡ ರೆಕ್ಕೆಯ ಕೆಳಭಾಗದಲ್ಲೂ ಬರೆಯುವುದುಂಟು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ರೆಕ್ಕೆಯ ಮೇಲಿನ ಅಕ್ಷರ ಕನಿಷ್ಠ 50 ಸೆಂಟಿಮೀಟರ್ ಎತ್ತರ ಇರಬೇಕು. ಆದರೂ ಹತ್ತು ಕಿಲೋಮೀಟರ್ ಎತ್ತರದಲ್ಲಿ ಹೋಗುವ ವಿಮಾನದ ಅಕ್ಷರ ಬರಿಗಣ್ಣಿಗೆ ಕಾಣುವುದಿಲ್ಲ. ಚುನಾವಣೆ ಸಮಯದಲ್ಲಿ ಶಾಲೆ ಮೈದಾನಕ್ಕೆ ಇಳಿಯುವ ಹೆಲಿಕಾಪ್ಟರ್ ಆದರೆ ಬೇಲಿಯ ಆಚೆಯಿಂದಲೇ ಓದಬಹುದು: ಬಾಲದ ಪಕ್ಕದಲ್ಲಿ VT, ಒಂದು ಅಡ್ಡಗೆರೆ, ಆಮೇಲೆ ಮೂರು ಅಕ್ಷರ. VT ಎಂದರೆ ಭಾರತ.

ಎತ್ತರದ ವಿಮಾನಕ್ಕೆ Flightradar24 ಥರದ ಆ್ಯಪ್ ಬೇಕು. ಮಳೆಗಾಲದಲ್ಲಿ ಮೋಡ ಮುಚ್ಚಿದ್ದರೂ ಇದರಲ್ಲಿ ವಿಮಾನ ಸಿಗುತ್ತದೆ. ನಕ್ಷೆಯ ಮೇಲಿನ ವಿಮಾನದ ಚಿತ್ರ ಒತ್ತಿದರೆ ವಿವರ ತೆರೆದುಕೊಳ್ಳುತ್ತದೆ. ಹೊಸಬರು ಎಡವುವುದು ಇಲ್ಲೇ. ಮೇಲೆ ದೊಡ್ಡದಾಗಿ ಕಾಣುವ EK569 ಎಂಬುದು ಬೆಂಗಳೂರಿನಿಂದ ದುಬೈಗೆ ಹೋಗುವ ಎಮಿರೇಟ್ಸ್‌ನ ಫ್ಲೈಟ್ ನಂಬರ್. ಅದು ಆ ಪ್ರಯಾಣದ ಹೆಸರು, ವಿಮಾನದ್ದಲ್ಲ. ಇವತ್ತು ಒಂದು ವಿಮಾನ ಆ ಹೆಸರಲ್ಲಿ ಹಾರಿದರೆ ನಾಳೆ ಇನ್ನೊಂದು ಹಾರುತ್ತದೆ. ನಿಮಗೆ ಬೇಕಾದದ್ದು Registration ಎಂಬ ಸಾಲು. ಅಲ್ಲಿ A6 ಎಂದು ಶುರುವಾಗಿ, ಗೆರೆಯ ಆಚೆ ಮೂರು ಅಕ್ಷರ ಇರುತ್ತವೆ.

ಗೆರೆಗೆ ಮುಂಚಿನದನ್ನು ಓದಿ

A6 ಎಂದರೆ ಯುಎಇ. ನಮ್ಮ ಭಾಗದ ಆಕಾಶ ನೋಡುವವರಿಗೆ ಜಾಸ್ತಿ ಉಪಯೋಗಕ್ಕೆ ಬರುವ ಗುರುತುಗಳು ಕೆಲವೇ. A7 ಕತಾರ್, 9K ಕುವೈತ್, HZ ಸೌದಿ ಅರೇಬಿಯಾ, 4R ಶ್ರೀಲಂಕಾ, 9V ಸಿಂಗಪುರ, 9M ಮಲೇಷ್ಯಾ. ಒಮಾನ್‌ನದು A4O. ಕೊನೆಯದು ಸೊನ್ನೆಯಲ್ಲ, ಇಂಗ್ಲಿಷ್‌ನ ಓ ಅಕ್ಷರ. ಹುಡುಕುವಾಗ ಸೊನ್ನೆ ಒತ್ತಿದರೆ ಏನೂ ಸಿಗುವುದಿಲ್ಲ.

ದೇಶದ ಹೆಸರಿಗೂ ಈ ಅಕ್ಷರಗಳಿಗೂ ಬಹಳ ಸಲ ಸಂಬಂಧವೇ ಕಾಣುವುದಿಲ್ಲ. ಕಾರಣ ಇಷ್ಟೇ: ಇವು ರೇಡಿಯೊ ಕರೆಗುರುತುಗಳಿಂದ ಬಂದವು. ಯಾವ ದೇಶದ ರೇಡಿಯೊ ಕೇಂದ್ರಗಳು ಯಾವ ಅಕ್ಷರಗಳಿಂದ ಶುರುವಾಗಬೇಕು ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪಟ್ಟಿ ಹೇಳುತ್ತದೆ. ಭಾರತದ ಪಾಲಿಗೆ ಬಂದದ್ದರಲ್ಲಿ VTA ಇಂದ VWZ ವರೆಗಿನ ಸರಣಿ ಒಂದು. ಅದರಿಂದ ವಿಮಾನಕ್ಕೆ VT ಬಂತು.

ಗೆರೆ ಇಲ್ಲದಿದ್ದರೆ?

ಅಮೆರಿಕದ ವಿಮಾನದಲ್ಲಿ ಗೆರೆ ಇರುವುದಿಲ್ಲ. N ಆದಮೇಲೆ ನೇರವಾಗಿ ಅಂಕಿ ಬರುತ್ತದೆ. ದೇಶದ ಗುರುತಿನ ನಂತರ ಅಕ್ಷರ ಬಂದಾಗ ಮಾತ್ರ ಗೆರೆ ಕಡ್ಡಾಯ. ಇಲ್ಲದಿದ್ದರೆ ದೇಶದ ಗುರುತು ಎಲ್ಲಿ ಮುಗಿಯಿತು ಎಂದು ಗೊತ್ತಾಗುವುದಿಲ್ಲ ಅಲ್ವಾ? ಜಪಾನ್‌ನ JA, ದಕ್ಷಿಣ ಕೊರಿಯಾದ HL ಕೂಡ ಹೀಗೆಯೇ ಗೆರೆ ಇಲ್ಲದೆ ಅಂಕಿಗೆ ಅಂಟಿಕೊಂಡಿರುತ್ತವೆ.

B ಕಂಡರೆ ಅಲ್ಲಿಗೇ ನಿಲ್ಲಬೇಡಿ

B ಎಂದರೆ ಚೀನಾ ಎಂದು ಪಟ್ಟಿಯಲ್ಲಿರುತ್ತದೆ. ಅಷ್ಟನ್ನೇ ನಂಬಿದರೆ ತಪ್ಪುತ್ತೀರಿ. ಚೀನಾ, ಹಾಂಗ್‌ಕಾಂಗ್, ಮಕಾವ್, ತೈವಾನ್ ನಾಲ್ಕೂ ಕಡೆಯ ವಿಮಾನಗಳಿಗೆ B ಇದೆ. ಬೇರೆ ಮಾಡುವುದು ಗೆರೆಯ ಆಚೆಗಿನ ಭಾಗ. B-LRA ಕ್ಯಾಥೆ ಪೆಸಿಫಿಕ್‌ನ ಒಂದು ವಿಮಾನ. ಗೆರೆ ಆದಮೇಲೆ ಮೊದಲು L ಇದೆ. H, K ಅಥವಾ L ಇದ್ದರೆ ಹಾಂಗ್‌ಕಾಂಗ್. M ಇದ್ದರೆ ಮಕಾವ್. B-18901 ನೋಡಿ, ಐದು ಅಂಕಿ ಇವೆ. ಅದು ತೈವಾನ್‌ನದು. ಅಂಕಿಯಿಂದ ಶುರುವಾಗಿ ಒಟ್ಟು ನಾಲ್ಕೇ ಇದ್ದರೆ ಚೀನಾ. VP ಕೂಡ ಇಂಥದ್ದೇ. ಗೆರೆಯ ನಂತರ B ಬಂದರೆ ಬರ್ಮುಡಾ, C ಬಂದರೆ ಕೇಮನ್ ದ್ವೀಪಗಳು.

ಕಂಪನಿ ಒಂದು ದೇಶದ್ದು, ಗುರುತು ಇನ್ನೊಂದು ದೇಶದ್ದು

ನನಗೆ ತುಂಬ ಇಷ್ಟವಾದ ಭಾಗ ಇದು. ವಿಮಾನ ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಅದೇ ಅದರ ರಾಷ್ಟ್ರೀಯತೆ ಎಂದು 1944ರ ಷಿಕಾಗೊ ಒಪ್ಪಂದ ಹೇಳುತ್ತದೆ. ಒಂದೇ ಸಮಯದಲ್ಲಿ ಎರಡು ದೇಶಗಳಲ್ಲಿ ನೋಂದಣಿ ಮಾಡುವಂತಿಲ್ಲ. ಮಾಲೀಕ ಯಾರು, ಟಿಕೆಟ್ ಮಾರುವವರು ಯಾರು ಎಂಬುದನ್ನು ಈ ಗುರುತು ಹೇಳುವುದಿಲ್ಲ.

2023ರಲ್ಲಿ ಇಂಡಿಗೊ ದೆಹಲಿ–ಇಸ್ತಾಂಬುಲ್ ನಡುವೆ ಬೋಯಿಂಗ್ 777 ಹಾರಿಸಲು ಶುರುಮಾಡಿತು. ಫ್ಲೈಟ್ ನಂಬರ್ ಇಂಡಿಗೊದ್ದು, ವಿಮಾನದ ಮೇಲೆ ಮಾತ್ರ TC, ಅಂದರೆ ಟರ್ಕಿ. ಟರ್ಕಿಷ್ ಏರ್‌ಲೈನ್ಸ್‌ನಿಂದ ಪೈಲಟ್‌ಗಳ ಸಮೇತ ಬಾಡಿಗೆಗೆ ತಂದ ವಿಮಾನ ಅದು. ಹೀಗೆ ಪೈಲಟ್ ಸಮೇತ ಬಂದರೆ ಹಳೆಯ ನೋಂದಣಿಯೇ ಸಾಮಾನ್ಯವಾಗಿ ಉಳಿಯುತ್ತದೆ. ಖಾಲಿ ವಿಮಾನವನ್ನಷ್ಟೇ ವರ್ಷಗಟ್ಟಲೆ ಬಾಡಿಗೆಗೆ ತಂದರೆ ಇಲ್ಲಿ ಹೊಸದಾಗಿ ನೋಂದಣಿ ಮಾಡಿಸುತ್ತಾರೆ. ಅಮೆರಿಕದ ಡೆಲ್ಟಾ ಕಂಪನಿಯಲ್ಲಿ N ಹೊತ್ತು ಹಾರಿದ್ದ ಕೆಲವು 777ಗಳು ಏರ್ ಇಂಡಿಯಾಕ್ಕೆ ಬಾಡಿಗೆಗೆ ಬಂದಾಗ VT ಆದವು. ಹಾಗಾಗಿ VT ಎಂದ ಮಾತ್ರಕ್ಕೆ ವಿಮಾನದ ಒಡೆಯರು ಭಾರತದವರು ಎನ್ನಲಾಗದು. ಎಷ್ಟೋ VT ವಿಮಾನಗಳ ಒಡೆಯರು ಐರ್ಲೆಂಡ್‌ನ ಬಾಡಿಗೆ ಕಂಪನಿಗಳು.

ಸೇನೆಯ ವಿಮಾನಗಳಿಗೆ ಈ ಪದ್ಧತಿ ಅನ್ವಯಿಸುವುದಿಲ್ಲ. ಪ್ರಧಾನಿ, ರಾಷ್ಟ್ರಪತಿ ಪ್ರಯಾಣಿಸುವ ಎರಡು 777ಗಳು ಮೊದಲು VT-ALV, VT-ALW ಆಗಿದ್ದವು. ವಾಯುಪಡೆಗೆ ಸೇರಿದ ಮೇಲೆ K7066, K7067 ಆದವು. ಈ K ಯಾವ ದೇಶದ ಗುರುತೂ ಅಲ್ಲ, ವಾಯುಪಡೆಯ ಸ್ವಂತ ಲೆಕ್ಕ.

ಅನುಮಾನ ಬಂದರೆ ಹೀಗೆ ಪರೀಕ್ಷಿಸಿ

ಆ್ಯಪ್‌ನಲ್ಲಿ ಕಾಣುವ ನೋಂದಣಿ ಸಂಖ್ಯೆ ವಿಮಾನದಿಂದ ನೇರವಾಗಿ ಬರುವುದಿಲ್ಲ. ವಿಮಾನದ ಟ್ರಾನ್ಸ್‌ಪಾಂಡರ್ ಕಳಿಸುವುದು ಆರು ಅಂಕಿ-ಅಕ್ಷರಗಳ ಒಂದು ವಿಳಾಸ. ಅದನ್ನು ಆ್ಯಪ್ ತನ್ನ ದಾಖಲೆಯಲ್ಲಿ ಹುಡುಕಿ ನೋಂದಣಿ ಸಂಖ್ಯೆ ತೋರಿಸುತ್ತದೆ. ವಿಮಾನ ಈಚೆಗಷ್ಟೇ ದೇಶ ಬದಲಿಸಿದ್ದರೆ ಆ ದಾಖಲೆ ಹಳೆಯದಾಗಿರಬಹುದು. ಈ ವಿಳಾಸವನ್ನೂ ದೇಶವಾರು ಹಂಚಿರುವುದರಿಂದ ತಾಳೆ ನೋಡುವುದು ಸುಲಭ. ಕೆಲವು ಆ್ಯಪ್‌ಗಳಲ್ಲಿ ಅದು Hex ಎಂಬ ಹೆಸರಲ್ಲಿ ಇರುತ್ತದೆ. ಭಾರತದ ವಿಳಾಸಗಳು 800000 ಇಂದ 83FFFF ವರೆಗೆ. ಯುಎಇಯದು 896 ಎಂದು ಶುರುವಾಗುತ್ತದೆ. ಆ್ಯಪ್ A6 ಎಂದು ತೋರಿಸುತ್ತಿದ್ದು, Hex ಮಾತ್ರ 80 ಎಂದು ಶುರುವಾಗಿದ್ದರೆ, ವಿಳಾಸವನ್ನೇ ನಂಬಿ. ಬಹುತೇಕ ಆ ವಿಮಾನ ಈಗ ಭಾರತದ ನೋಂದಣಿಗೆ ಬಂದಿರುತ್ತದೆ, ಆ್ಯಪ್‌ನ ದಾಖಲೆ ಇನ್ನೂ ಬದಲಾಗಿರುವುದಿಲ್ಲ.