ಮಾರಾಟ 11 ಕೋಟಿ ಏರಿತು, ಲಾಭ ಎಲ್ಲಿ ಹೋಯಿತು?

ನಾನು ಕೆಲಸ ಮಾಡುವುದು ಕಾಫಿಪುಡಿ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ. 2024-25ರ ಲೆಕ್ಕ ಮುಗಿದಾಗ ಮಾರಾಟ 48 ಕೋಟಿಯಿಂದ 59 ಕೋಟಿ ದಾಟಿತ್ತು. ಆಪರೇಟಿಂಗ್ ಪ್ರಾಫಿಟ್, ಅಂದರೆ ಬಡ್ಡಿ ಮತ್ತು ತೆರಿಗೆ ಕಳೆಯುವ ಮುಂಚಿನ ಲಾಭ, 6 ಕೋಟಿಯಿಂದ 4.60 ಕೋಟಿಗೆ ಇಳಿದಿತ್ತು. (ಅಂಕಿಗಳನ್ನು ಇಲ್ಲಿ ದುಂಡಗೆ ಮಾಡಿ ಬದಲಿಸಿದ್ದೇನೆ, ಕಥೆ ಅದೇ.) ಯಜಮಾನರು ಕೇಳಿದ್ದು ಒಂದೇ ಮಾತು: "ಅಲ್ರೀ, ವ್ಯಾಪಾರ ಜಾಸ್ತಿ ಆಗಿದೆ, ಲಾಭ ಯಾಕೆ ಕಡಿಮೆ ಆಯ್ತು?"

ಕೇಳುವವರು ಐದು ಜನ. ಯಜಮಾನರು, ಅವರ ಮಗಳು, ಸೇಲ್ಸ್, ಖರೀದಿ ಮತ್ತು ಪ್ರೊಡಕ್ಷನ್ ಮುಖ್ಯಸ್ಥರು. ಬ್ಯಾಲೆನ್ಸ್ ಶೀಟ್ ಓದುವ ಅಭ್ಯಾಸ ಯಾರಿಗೂ ಇಲ್ಲ. ಅದಕ್ಕೇ ವಾಟರ್‌ಫಾಲ್ ಚಾರ್ಟ್ ಮಾಡಲು ಕೂತೆ. ಎಡಗಡೆ ಹೋದ ವರ್ಷದ ಲಾಭದ ಕಂಬ, ಬಲಗಡೆ ಈ ವರ್ಷದ್ದು. ನಡುವೆ ಲಾಭ ಏರಿಸಿದ್ದಕ್ಕೆ, ಇಳಿಸಿದ್ದಕ್ಕೆ ಒಂದೊಂದು ಮೆಟ್ಟಿಲು.

ಲೆಕ್ಕ ಶುರುವಾಗುವುದು ಕಿಲೋದಿಂದ. ನಮ್ಮದು ಎರಡೇ ಮಾಲು. ಪ್ಯೂರ್ ಕಾಫಿಪುಡಿ ಹೋದ ವರ್ಷ 4 ಲಕ್ಷ ಕಿಲೋ ಹೋಗಿತ್ತು, ಸಂಬಳ, ಬಾಡಿಗೆ ಕಳೆಯುವ ಮುಂಚೆ ಕಿಲೋಗೆ 200 ರೂಪಾಯಿ ಉಳಿಯುತ್ತಿತ್ತು. ಚಿಕೋರಿ ಮಿಕ್ಸ್ 6 ಲಕ್ಷ ಕಿಲೋ, ಕಿಲೋಗೆ ಉಳಿಯುತ್ತಿದ್ದುದು 120. ಸರಾಸರಿ 152. ಈ ವರ್ಷ ಒಟ್ಟು 11 ಲಕ್ಷ ಕಿಲೋ ಹೋಯಿತು. ಜಾಸ್ತಿ ಹೋದ ಒಂದು ಲಕ್ಷ ಕಿಲೋಗೆ ಹಳೆಯ ಸರಾಸರಿ ಹಾಕಿದರೆ 1.52 ಕೋಟಿ ಲಾಭ. ಇದು ಮೊದಲ ಮೆಟ್ಟಿಲು.

ಆದರೆ ಪ್ಯೂರ್ 3.6 ಲಕ್ಷಕ್ಕೆ ಇಳಿದು, ಮಿಕ್ಸ್ 7.4 ಲಕ್ಷಕ್ಕೆ ಏರಿತ್ತು. ಜಾಸ್ತಿ ಉಳಿಯುವ ಮಾಲು ಕಡಿಮೆ, ಕಡಿಮೆ ಉಳಿಯುವ ಮಾಲು ಜಾಸ್ತಿ. ಹಳೆಯ ಉಳಿಕೆಯಲ್ಲೇ ಲೆಕ್ಕ ಹಾಕಿದರೂ ಇದರಿಂದ 64 ಲಕ್ಷ ಹೋಯಿತು. ಇದನ್ನು ನಮ್ಮ ಕಡೆ "ಮಿಕ್ಸ್ ಎಫೆಕ್ಟ್" ಅನ್ನುತ್ತೇವೆ. ನಾನೂ ಕಂಬದ ಕೆಳಗೆ ಸುಮ್ನೆ "ಮಿಕ್ಸ್" ಅಂತ ಬರೆದುಬಿಟ್ಟೆ. ಮೊದಲ ಮೀಟಿಂಗ್‌ನಲ್ಲಿ ಪ್ರೊಡಕ್ಷನ್ ಮುಖ್ಯಸ್ಥರು ಎದ್ದು ನಿಂತರು. "ಸಾರ್, ಚಿಕೋರಿ ಪ್ರಮಾಣ ನಾವು ಒಂದು ಪರ್ಸೆಂಟೂ ಬದಲಾಯಿಸಿಲ್ಲ. 64 ಲಕ್ಷ ನಷ್ಟ ಮಿಕ್ಸಿಂದ ಅಂತ ಹೇಗೆ ಹೇಳ್ತೀರಿ?" ಹತ್ತು ನಿಮಿಷ ಹೋಯಿತು. ಆಮೇಲೆ ಆ ಕಂಬದ ಹೆಸರನ್ನು "ಪ್ಯೂರ್ ಬಿಟ್ಟು ಚಿಕೋರಿಗೆ ಹೋದ ಗಿರಾಕಿ" ಎಂದು ಬದಲಿಸಿದೆ. ಉದ್ದವಾಯಿತು, ಆದರೆ ಮತ್ತೆ ಯಾರೂ ಕೇಳಲಿಲ್ಲ.

ನಿಜವಾದ ಪೇಚು ಮುಂದಿನ ಎರಡು ಕಂಬದಲ್ಲಿತ್ತು. ಆ ವರ್ಷ ಬ್ರೆಜಿಲ್, ವಿಯೆಟ್ನಾಂ ಬೆಳೆಗೆ ಬರ ತಟ್ಟಿ ಬೀಜದ ಬೆಲೆ ಎಲ್ಲ ಕಡೆ ಏರಿತ್ತು. ನಾವೂ ಪುಡಿಯ ಬೆಲೆ ಏರಿಸಿದ್ದೆವು, ಪ್ಯೂರ್‌ಗೆ ಕಿಲೋಗೆ 100, ಮಿಕ್ಸ್‌ಗೆ 60. ಈ ವರ್ಷದ ಕಿಲೋಗಳಿಗೆ ಗುಣಿಸಿದರೆ ಬೆಲೆಯಿಂದ ಬಂದದ್ದು 8.04 ಕೋಟಿ. ಬೀಜದ ಖರ್ಚು ಜಾಸ್ತಿಯಾಗಿದ್ದು 9.50 ಕೋಟಿ. ಮೊದಲ ಚಾರ್ಟಿನಲ್ಲಿ ಎರಡನ್ನೂ ಬೇರೆ ಬೇರೆ ಕಂಬ ಮಾಡಿದ್ದೆ. ಆರು ಕೋಟಿಯಲ್ಲಿ ಶುರುವಾದ ಚಿತ್ರ ಹದಿನೈದರ ಹತ್ತಿರ ಹಾರಿ, ದಬಕ್ಕನೆ ಐದೂವರೆಗೆ ಬಿತ್ತು. ಪಕ್ಕದ ಕಂಬಗಳು ಬೆಂಕಿಕಡ್ಡಿಯಷ್ಟು ಕಂಡವು.

ನೋಡಿದವರೂ ಅದನ್ನು ಹಾಗೇ ಓದಿದರು. ಸೇಲ್ಸ್‌ನವರು "ನಾವು ಎಂಟು ಕೋಟಿ ತಂದುಕೊಟ್ಟಿದ್ದೀವಿ" ಅಂದರು. ಎಲ್ಲರ ಕಣ್ಣೂ ಖರೀದಿಯವರ ಮೇಲೆ ಹೋಯಿತು. ಅವರೇನು ಸುಮ್ಮನಿರುತ್ತಾರಾ? "ಪ್ಯೂರ್‌ಗೆ ಹಾಕೋ ಬೀಜ ಕಿಲೋಗೆ ಏರಿದ್ದೇ 100 ರೂಪಾಯಿ. ನಿಮ್ಮ ಶೀಟಲ್ಲಿ 120 ಅಂತಿದೆ!" ಅವರ ಮಾತೂ ಸರಿ, ನನ್ನ ಲೆಕ್ಕವೂ ಸರಿ. ಹುರಿದಾಗ ಬೀಜದ ತೂಕ ಇಳಿಯುತ್ತದೆ. ನಮ್ಮಲ್ಲಿ ಒಂದು ಕಿಲೋ ಪುಡಿಗೆ ಸುಮಾರು 1.2 ಕಿಲೋ ಹಸಿ ಬೀಜ ಬೇಕು. ಆದ್ದರಿಂದ ಪುಡಿಯ ಕಿಲೋಗೆ 120. ಇದನ್ನು ಮೊದಲೇ ಹೇಳದಿದ್ದದ್ದು ನನ್ನ ತಪ್ಪು.

ಎರಡನೆಯ ಸಲ ಆ ಎರಡು ಕಂಬವನ್ನೂ ಸೇರಿಸಿ ಒಂದೇ ಮಾಡಿದೆ: 1.46 ಕೋಟಿ ಇಳಿಕೆ. ಬೆಲೆ ಏರಿಸಿದ್ದೇ ಬೀಜ ಏರಿದ್ದಕ್ಕೆ, ಅಂದಮೇಲೆ ಅವೆರಡನ್ನೂ ಬೇರೆ ಮಾಡಿ ತೋರಿಸುವುದರಲ್ಲಿ ಅರ್ಥವಿಲ್ಲ ಅಲ್ವಾ? ಎರಡೂ ಮಾಲಿನ ಸರಾಸರಿ ತೆಗೆದು ಕಂಬದ ಪಕ್ಕದಲ್ಲಿ ಒಂದೇ ಸಾಲು ಬರೆದೆ. "ಒಂದು ಕಿಲೋ ಪುಡಿಗೆ ನಮಗೆ ಜಾಸ್ತಿ ಬಿದ್ದದ್ದು 86 ರೂಪಾಯಿ, ಗಿರಾಕಿಯಿಂದ ಜಾಸ್ತಿ ಪಡೆದದ್ದು 73. ಉಳಿದ 13 ನಮ್ಮ ಕೈಯಿಂದ." ಇಡೀ ಚಾರ್ಟಿನಲ್ಲಿ ಎಲ್ಲರಿಗೂ ನೆನಪುಳಿದದ್ದು ಈ 13 ರೂಪಾಯಿ. ಬೆಲೆ ಏರಿಸಲು ಯಾವ ತಿಂಗಳು ತಡ ಮಾಡಿದೆವು ಅನ್ನುವ ಚರ್ಚೆ ಅಲ್ಲಿಂದಲೇ ಹುಟ್ಟಿತು. ನನಗೆ ಬೇಕಾಗಿದ್ದೂ ಅದೇ.

ಇನ್ನುಳಿದದ್ದು ಸಂಬಳ ಮತ್ತು ಬಾಡಿಗೆ ಜಾಸ್ತಿಯಾದದ್ದು 52 ಲಕ್ಷ, "ಇತರೆ" 30 ಲಕ್ಷ. ಈ "ಇತರೆ" ನನ್ನ ಸೋಮಾರಿತನ. ಯಜಮಾನರ ಮಗಳು ಬೆರಳಿಟ್ಟು ಕೇಳಿದರು, "ಇದರಲ್ಲಿ ಏನೇನಿದೆ?" ಹುಡುಕಿದರೆ ಬಹುಪಾಲು ಒಂದೇ ಸಂಗತಿ. ಮಳೆಗಾಲದಲ್ಲಿ ಗೋಡೌನ್ ಸೋರಿ ಹಾಳಾದ ಬೀಜ. ಅದು ಮುಂದಿನ ವರ್ಷ ಮತ್ತೆ ಬರುವ ಖರ್ಚಲ್ಲ. ಅದಕ್ಕೆ ಅದರದ್ದೇ ಹೆಸರು, ಬೇರೆ ಬಣ್ಣ ಕೊಟ್ಟೆ.

ಹೀಗೆ 6.00ಕ್ಕೆ 1.52 ಸೇರಿಸಿ, 0.64, 1.46, 0.52, 0.30 ಕಳೆದರೆ 4.60. ಈ ಕೂಡಿಕೆ ಸರಿಹೋಗದಿದ್ದರೆ ಚಾರ್ಟ್ ಹೊರಗೆ ಹೋಗುವಂತಿಲ್ಲ. ಎಕ್ಸೆಲ್‌ನಲ್ಲಿ ಕೆಳಗೊಂದು ತಾಳೆ ಇಟ್ಟಿದ್ದೇನೆ, ಉತ್ತರ ಸೊನ್ನೆ ಬರಬೇಕು:

```
=ROUND(SUM(B2:B7)-B8,2)
```

B2 ಹೋದ ವರ್ಷದ ಲಾಭ, B3ರಿಂದ B7ರವರೆಗೆ ನಡುವಿನ ಮೆಟ್ಟಿಲುಗಳು, ಇಳಿಕೆಗಳನ್ನು ಮೈನಸ್ ಹಾಕಿ ಬರೆಯಬೇಕು, B8 ಈ ವರ್ಷದ ಲಾಭ. B8ಕ್ಕೆ ಅಂಕಿಯನ್ನು ನೇರ ಲಾಭ-ನಷ್ಟ ಪಟ್ಟಿಯಿಂದ ತನ್ನಿ. ಮೇಲಿನ ಸಾಲುಗಳನ್ನೇ ಕೂಡಿಸಿ ಅಲ್ಲಿ ಹಾಕಿದರೆ ತಾಳೆ ಯಾವಾಗಲೂ ಸೊನ್ನೆಯೇ ಬರುತ್ತದೆ, ಪ್ರಯೋಜನವಿಲ್ಲ. ಎಕ್ಸೆಲ್‌ನ ವಾಟರ್‌ಫಾಲ್ ಚಾರ್ಟಿನಲ್ಲಿ ಇನ್ನೊಂದು ಕಾಟ ಇದೆ. ಕೊನೆಯ ಕಂಬದ ಮೇಲೆ ರೈಟ್ ಕ್ಲಿಕ್ ಮಾಡಿ Set as total ಕೊಡದಿದ್ದರೆ, 4.60 ಇನ್ನೊಂದು ಏರಿಕೆ ಅಂದುಕೊಂಡು ಅದನ್ನು ಮೇಲಕ್ಕೆ ತೇಲಿಸಿಬಿಡುತ್ತದೆ.

ಇನ್ನೊಂದು ಮಾತು. ಬೆಲೆ ಏರಿಕೆಯನ್ನು ಹೋದ ವರ್ಷದ ಕಿಲೋಗೆ ಗುಣಿಸಿದ್ದರೆ 8.04ರ ಬದಲು 7.60 ಬರುತ್ತಿತ್ತು. ಆ 44 ಲಕ್ಷ ಬೇರೆ ಕಂಬಕ್ಕೆ ಹೋಗುತ್ತಿತ್ತು. ಎರಡೂ ತಪ್ಪಲ್ಲ. ಆದರೆ ಒಂದು ವರ್ಷ ಹೀಗೆ, ಇನ್ನೊಂದು ವರ್ಷ ಹಾಗೆ ಮಾಡಿದರೆ ಕಂಬಗಳನ್ನು ಹೋಲಿಸಲು ಆಗುವುದಿಲ್ಲ. ನಾನು ನಿಯಮವನ್ನು ಚಾರ್ಟಿನ ಮೂಲೆಯಲ್ಲಿ ಬರೆದಿಟ್ಟೆ. ಮೀಟಿಂಗ್‌ನಲ್ಲಿ ಅದನ್ನು ವಿವರಿಸಲು ಹೋಗಲಿಲ್ಲ.

ಎರಡನೆಯ ಮೀಟಿಂಗ್ ಮುಗಿಯುವಾಗ ಸೇಲ್ಸ್‌ನವರು ಒಂದು ಮಾತು ಹೇಳಿದರು. "ಪ್ಯೂರ್ 700 ರೂಪಾಯಿ ಆದಮೇಲೇ ಗಿರಾಕಿ ಚಿಕೋರಿ ಕಡೆ ಹೋದದ್ದು ಸಾರ್. ಆ 64 ಲಕ್ಷವೂ ಬೆಲೆ ಏರಿಸಿದ್ದರ ಫಲವೇ." ನನ್ನ ಚಾರ್ಟಿನಲ್ಲಿ ಅವು ಎರಡು ಬೇರೆ ಮೆಟ್ಟಿಲು. ಒಂದು ಇನ್ನೊಂದನ್ನು ತಳ್ಳಿತಾ ಅನ್ನುವುದು ಅದರಲ್ಲಿ ಕಾಣುವುದಿಲ್ಲ. ಅಲ್ಲೇ ಪೆನ್ನು ತೆಗೆದು, ಪ್ರಿಂಟಿನ ಮೇಲೆ ಆ ಎರಡು ಕಂಬದ ನಡುವೆ ಒಂದು ಬಾಣ ಎಳೆದು, ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿದೆ.