ಸೊಂಟದ ಮೂಳೆಯ ರಂಧ್ರಕ್ಕೆ ಉತ್ತರ ಬೆರಳಿನಲ್ಲಿತ್ತು

ಜಿಲ್ಲಾ ಕೇಂದ್ರವೊಂದರ ಆಸ್ಪತ್ರೆಯಲ್ಲಿ ನಾನು ಎಕ್ಸ್-ರೇ ಓದುವ ವೈದ್ಯ. ಕೆಲವು ವರ್ಷಗಳ ಹಿಂದೆ ಮೂವತ್ತೆಂಟರ ಆಸುಪಾಸಿನ ರೋಗಿಯೊಬ್ಬರ ಸೊಂಟದ ಚಿತ್ರ ನನ್ನ ಮುಂದೆ ಬಂತು. ಚೀಟಿಯಲ್ಲಿ ‘ಬಲ ಸೊಂಟ ನೋವು’ ಎಂದಷ್ಟೇ ಇತ್ತು. ಬಲಗಡೆಯ ಸೊಂಟದ ಮೂಳೆಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಕಪ್ಪು ರಂಧ್ರವಿತ್ತು. ಮೂಳೆ ಅಲ್ಲಿ ಉಬ್ಬಿ, ಹೊರಪದರ ತೆಳುವಾಗಿತ್ತು. ಎಲ್ಲಿಂದಲೋ ಹರಡಿದ ಕ್ಯಾನ್ಸರ್ ಇರಬಹುದು, ಬಯಾಪ್ಸಿ ಮಾಡಿ ಎಂದು ವರದಿ ಬರೆದೆ.

ವರದಿ ಪಡೆಯಲು ಅವರು ಪತ್ನಿಯೊಂದಿಗೆ ಬಂದರು. ಕಾಗದಕ್ಕೆ ಚಾಚಿದ ಎಡಗೈಯ ಮುಂದೋಳಿನಲ್ಲಿ ಹಗ್ಗದಂತೆ ಉಬ್ಬಿದ ರಕ್ತನಾಳ, ಅದರ ಮೇಲೆ ಸೂಜಿ ಚುಚ್ಚಿದ ಗುರುತುಗಳು. ಡಯಾಲಿಸಿಸ್‌ಗಾಗಿ ಮಾಡುವ ಫಿಸ್ಟುಲಾ ಅದು. “ಎಷ್ಟು ವರ್ಷವಾಯಿತು?” ಎಂದು ಕೇಳಿದೆ. “ಏಳು ವರ್ಷ ಸಾರ್, ವಾರಕ್ಕೆ ಎರಡು ಸಲ” ಎಂದರು ಪತ್ನಿ. ನಾನು ವರದಿಯನ್ನು ಹಿಂದಕ್ಕೆ ಪಡೆದು, ಎರಡೂ ಅಂಗೈಗಳ ಚಿತ್ರ ತೆಗೆಸಿದೆ.

ಇಂಥ ಸಂದರ್ಭದಲ್ಲಿ ನಾನು ಮೊದಲು ನೋಡುವುದು ತೋರುಬೆರಳು ಮತ್ತು ನಡುಬೆರಳಿನ ಮಧ್ಯದ ಮೂಳೆಯನ್ನು, ಅದರಲ್ಲೂ ಹೆಬ್ಬೆರಳಿನ ಕಡೆಗಿರುವ ಅಂಚನ್ನು. ಚಿತ್ರವನ್ನು ಪರದೆಯ ತುಂಬ ಹಿಗ್ಗಿಸಿಕೊಂಡರೆ ಮಾತ್ರ ಅದು ಸ್ಪಷ್ಟವಾಗುತ್ತದೆ. ಆರೋಗ್ಯವಂತ ಮೂಳೆಯ ಅಂಚು ಪೆನ್ಸಿಲ್ಲಿನಲ್ಲಿ ಎಳೆದ ಗೆರೆಯಂತೆ ನಯವಾಗಿರುತ್ತದೆ. ಇವರ ಬೆರಳಿನಲ್ಲಿ ಕಿರುಬೆರಳಿನ ಕಡೆಯ ಅಂಚು ಹಾಗೆಯೇ ಇತ್ತು. ಹೆಬ್ಬೆರಳಿನ ಕಡೆಯದು ಗೆದ್ದಲು ತಿಂದ ಮರದ ಅಂಚಿನಂತೆ ಚೂರುಚೂರಾಗಿ ಸವೆದಿತ್ತು. ಬೆರಳ ತುದಿಯ ಮೂಳೆಗಳೂ ಕರಗತೊಡಗಿದ್ದವು. ಪೊರೆಯ ಕೆಳಗಿನಿಂದಲೇ ಮೂಳೆ ಹೀಗೆ ಕರಗುವುದು ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳ ಹಾರ್ಮೋನ್ ಅತಿಯಾಗಿರುವುದರ ಗುರುತು. ಇದು ಕಂಡ ಮೇಲೆ ಸೊಂಟದ ರಂಧ್ರದ ಅರ್ಥವೇ ಬದಲಾಯಿತು. ಅದು ‘ಕಂದು ಗೆಡ್ಡೆ’ ಇರಬೇಕು. ಮೂಳೆ ತಿನ್ನುವ ಕೋಶಗಳು ಗುಂಪುಗೂಡಿ, ರಕ್ತ ಒಸರಿ ಆಗುವ ಗೆಡ್ಡೆ ಇದು, ಕ್ಯಾನ್ಸರ್ ಅಲ್ಲ. ಬಯಾಪ್ಸಿಯಲ್ಲಿ ಇದನ್ನೂ ದೈತ್ಯಕೋಶದ ಗೆಡ್ಡೆಯನ್ನೂ ಬೇರ್ಪಡಿಸುವುದು ಕಷ್ಟ. ಅದಕ್ಕೇ ಚೂರು ತೆಗೆಯುವ ಮೊದಲು ರಕ್ತ ಪರೀಕ್ಷೆ ಆಗಲೇಬೇಕು.

ಮಾರನೆಯ ದಿನ ಅಂಕಿಗಳು ಬಂದವು. ಹಾರ್ಮೋನ್ 1,870, ಆರೋಗ್ಯವಂತರಲ್ಲಿ ಮೇಲ್ಮಿತಿ ಸುಮಾರು 65. ಡಯಾಲಿಸಿಸ್ ರೋಗಿಗಳಲ್ಲಿ ಆ ಮೇಲ್ಮಿತಿಯ ಎರಡರಿಂದ ಒಂಬತ್ತು ಪಟ್ಟಿನವರೆಗೂ ಒಪ್ಪಿಕೊಳ್ಳುತ್ತಾರೆ. ಇದು ಅದನ್ನೂ ಬಹಳ ಮೀರಿತ್ತು. ಫಾಸ್ಫೇಟ್ 7.4, ಮೂಳೆ ಮತ್ತು ಯಕೃತ್ತಿನಿಂದ ಬರುವ ಕಿಣ್ವವಾದ ಆಲ್ಕಲೈನ್ ಫಾಸ್ಫಟೇಸ್ 1,280, ಎರಡೂ ಹೆಚ್ಚು. ಯಕೃತ್ತಿನ ಉಳಿದ ಪರೀಕ್ಷೆಗಳು ಸರಿಯಿದ್ದುದರಿಂದ ಈ ಏರಿಕೆ ಮೂಳೆಯದೇ ಎಂದು ತಿಳಿದೆ.

ಕ್ಯಾಲ್ಸಿಯಂ ಮಾತ್ರ 8.8 ಇತ್ತು, ನೋಡಲು ಸಾಧಾರಣ. ಇಲ್ಲಿಯೇ ಹಲವರು ಎಡವುತ್ತಾರೆ. ರಕ್ತದಲ್ಲಿ ಕ್ಯಾಲ್ಸಿಯಂನ ಒಂದು ಭಾಗವನ್ನು ಹೊರುವ ಪ್ರೋಟೀನ್ ಆಲ್ಬುಮಿನ್ ಅವರಲ್ಲಿ 2.9 ಮಾತ್ರ ಇತ್ತು. ಆಲ್ಬುಮಿನ್ 4ಕ್ಕಿಂತ ಎಷ್ಟು ಕಡಿಮೆಯೋ ಅದನ್ನು 0.8ರಿಂದ ಗುಣಿಸಿ ಕ್ಯಾಲ್ಸಿಯಂಗೆ ಕೂಡಿಸಿದರೆ ಸುಮಾರು 9.7 ಆಗುತ್ತದೆ. ಮೂತ್ರಪಿಂಡ ಸೋತಾಗ ಫಾಸ್ಫೇಟ್ ದೇಹದಲ್ಲೇ ಉಳಿಯುತ್ತದೆ, ವಿಟಮಿನ್ ಡಿ ಸಕ್ರಿಯ ರೂಪಕ್ಕೆ ಬರುವುದಿಲ್ಲ, ಕ್ಯಾಲ್ಸಿಯಂ ಇಳಿಯುತ್ತದೆ. ಅದನ್ನು ಎತ್ತಲೆಂದೇ ಗ್ರಂಥಿಗಳು ಹಾರ್ಮೋನ್ ಸುರಿಸುತ್ತವೆ. ಅಂದರೆ ಇವರ 9.7 ಮೂಳೆಯನ್ನು ಕರಗಿಸಿ ತಂದದ್ದು. ಗ್ರಂಥಿಯಲ್ಲೇ ಮೂಲ ಕಾಯಿಲೆ ಇದ್ದು ಮೂತ್ರಪಿಂಡ ಸರಿಯಿದ್ದಿದ್ದರೆ ಕ್ಯಾಲ್ಸಿಯಂ ಏರಿ ಫಾಸ್ಫೇಟ್ ಇಳಿದಿರುತ್ತಿತ್ತು.

ಬೆನ್ನಿನ ಚಿತ್ರದಲ್ಲಿ ಪ್ರತಿ ಕಶೇರುವಿನ ಮೇಲೂ ಕೆಳಗೂ ಬಿಳಿ ಪಟ್ಟಿ, ನಡುವೆ ಮಸುಕು, ಅಡ್ಡಪಟ್ಟೆಯ ರಗ್ಬಿ ಅಂಗಿಯ ಹಾಗೆ. ಆ ಬಿಳುಪು ಕಂಡು ಮೂಳೆ ಗಟ್ಟಿಯಾಗಿದೆ ಎಂದುಕೊಳ್ಳಬಾರದು. ಅಲ್ಲಿ ಸೇರಿರುವುದು ಬಲವಿಲ್ಲದ ಮೂಳೆ.

ಎಕ್ಸ್-ರೇಗೂ ಮಿತಿಯಿದೆ. ಕಾಯಿಲೆಯ ಆರಂಭದಲ್ಲಿ ಬೆರಳಿನ ಅಂಚು ಸ್ವಚ್ಛವಾಗಿಯೇ ಇರುತ್ತದೆ. ಇನ್ನು ಕೆಲವು ಡಯಾಲಿಸಿಸ್ ರೋಗಿಗಳಲ್ಲಿ ಮೂಳೆಯ ಕೆಲಸವೇ ನಿಂತಂತಾಗಿ ಹಾರ್ಮೋನ್ ಕಡಿಮೆ ಇರುತ್ತದೆ, ಫಾಸ್ಫಟೇಸ್ ಏರಿರುವುದಿಲ್ಲ. ಅದನ್ನು ಚಿತ್ರ ಹೇಳಲಾರದು.

ನಾನು ವರದಿಯನ್ನು ತಿದ್ದಿ ಬರೆದು ಮೂತ್ರಪಿಂಡ ತಜ್ಞರಿಗೆ ಫೋನ್ ಮಾಡಿದೆ. ಔಷಧಗಳಿಗೆ ಹಾರ್ಮೋನ್ ಬಗ್ಗದಿದ್ದಾಗ, ನಾಲ್ಕು ಗ್ರಂಥಿಗಳಲ್ಲಿ ಮೂರೂವರೆಯನ್ನು ತೆಗೆದರು. ಫಾಸ್ಫಟೇಸ್ ಅಷ್ಟು ಏರಿದ್ದುದರಿಂದ ಹಸಿದ ಮೂಳೆ ರಕ್ತದ ಕ್ಯಾಲ್ಸಿಯಂ ಅನ್ನು ಒಮ್ಮೆಲೇ ಹೀರುತ್ತದೆ ಎಂದು ಮೊದಲೇ ಎಲ್ಲರಿಗೂ ತಿಳಿದಿತ್ತು. ಎರಡನೆಯ ದಿನ ಅದು 6.8ಕ್ಕೆ ಇಳಿಯಿತು, ತುಟಿಯ ಸುತ್ತ ಜುಮ್ಮೆಂದಿತು. ಡ್ರಿಪ್ಪಿನಲ್ಲಿ ಕ್ಯಾಲ್ಸಿಯಂ ಆಗಲೇ ಹರಿಯುತ್ತಿತ್ತು, ಅದರ ವೇಗ ಹೆಚ್ಚಿಸಿದರು.

ಆರು ತಿಂಗಳ ನಂತರ ಮತ್ತೆ ಅಂಗೈ ಚಿತ್ರ ತೆಗೆದೆವು. ನಡುಬೆರಳಿನ ಅಂಚಿನಲ್ಲಿ ಗೆರೆ ಮರಳಿ ಮೂಡಿತ್ತು. ಸೊಂಟದ ಕಪ್ಪು ರಂಧ್ರದೊಳಗೆ ಬಿಳುಪು ತುಂಬುತ್ತಿತ್ತು.